ಹಗ್ಗವಿಲ್ಲದ ಕಂತೆ

ಮಿಲಿಂದ ರಾಜ ಮತ್ತು ಭಿಕ್ಷು ನಾಗಸೇನರ ರಥದ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ, ಇಂದಿನ ಪಾಕಿಸ್ತಾನದ ಸಿಯಾಲ್‌ಕೋಟ್ ಎಂದು ಗುರುತಿಸಲಾಗಿರುವ ಸಾಗಲ ನಗರದಿಂದ ಆಳಿದ ಗ್ರೀಕ್ ದೊರೆ ಮೆನಾಂಡರನೇ ಈ ಮಿಲಿಂದ. ಭಿಕ್ಷು ತನ್ನ ಹೆಸರು ನಾಗಸೇನ ಎನ್ನುತ್ತಾನೆ, ಆದರೆ ಆ ಹೆಸರಿನ ಹಿಂದೆ ಯಾವ ವ್ಯಕ್ತಿಯೂ ಸಿಗುವುದಿಲ್ಲ ಎಂದು ಸೇರಿಸುತ್ತಾನೆ. ರಾಜನಿಗೆ ಆಶ್ಚರ್ಯ. ಹಾಗಾದರೆ ನಾಗಸೇನ ಎಂದರೆ ಕೂದಲೇ, ಹಲ್ಲೇ, ಚರ್ಮವೇ, ಯೋಚನೆಯೇ ಎಂದು ಒಂದೊಂದಾಗಿ ಕೇಳುತ್ತಾನೆ. ಎಲ್ಲಕ್ಕೂ ಉತ್ತರ ಅಲ್ಲ ಎಂದೇ. ಆಮೇಲೆ ಭಿಕ್ಷು ತಿರುಗಿ ಕೇಳುತ್ತಾನೆ: ನೀವು ರಥದಲ್ಲಿ ಬಂದಿರಲ್ಲ, ರಥ ಎಂದರೆ ಅಚ್ಚೇ, ಗಾಲಿಯೇ, ನೊಗವೇ? ಅದೂ ಅಲ್ಲ. ಭಾಗಗಳು ಒಂದು ರೀತಿಯಲ್ಲಿ ಕೂಡಿದಾಗ ನಾವಿಟ್ಟ ಹೆಸರು ರಥ. ಮನುಷ್ಯನೂ ಹಾಗೆಯೇ.

ಈ ಕಥೆ ಕೇಳಿದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ನನಗೆ ಇದು ಪ್ರಶ್ನೆಯ ಸುಲಭದ ಅರ್ಧ ಎನಿಸುತ್ತದೆ. ಏಕೆಂದರೆ ರಥಕ್ಕೆ ನೆನಪಿಲ್ಲ, ನಿಮಗಿದೆ.

ಹತ್ತನೆಯ ವಯಸ್ಸಿನಲ್ಲಿ ಹಿತ್ತಿಲ ಸೀಬೆ ಮರದಿಂದ ಬಿದ್ದು ನಿಮ್ಮ ಬಲಗೈ ಮುರಿದಿತ್ತು ಎಂದಿಟ್ಟುಕೊಳ್ಳಿ. ನಲವತ್ತೈದರಲ್ಲಿ ಸಂತೆಗೆ ಹೋದಾಗ ಸೀಬೆಹಣ್ಣಿನ ವಾಸನೆ ಮೂಗಿಗೆ ಬಡಿದ ಕೂಡಲೇ ಆ ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ: ಕೊಂಬೆ ಲಟಕ್ಕೆಂದದ್ದು, ಅಮ್ಮ ಓಡಿಬಂದದ್ದು, ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದ್ದು. ಅಂದು ನೋವುಂಡದ್ದು ಒಂದು ಮನಸ್ಸು, ಇಂದು ನೆನೆಯುತ್ತಿರುವುದು ಇನ್ನೊಂದು ಹೊತ್ತಿನ ಮನಸ್ಸು. ನಡುವೆ ಇವೆರಡಕ್ಕೂ ಸೇರಿದ ಒಬ್ಬ ‘ನಾನು’ ಇಲ್ಲವಾದರೆ ಈ ನೆನಪು ನಿಮ್ಮಲ್ಲೇ ಏಕೆ ಬಂತು, ಪಕ್ಕದಲ್ಲಿ ಸೊಪ್ಪು ಆರಿಸುತ್ತಿದ್ದವರಲ್ಲಿ ಏಕೆ ಬರಲಿಲ್ಲ?

ಒಳಗೆ ‘ನಾನು’ ಎಂಬ ಗಟ್ಟಿ ವಸ್ತು ಇಲ್ಲ, ಇರುವುದು ಅನುಭವಗಳ ಕಂತೆ ಮಾತ್ರ ಎನ್ನುವ ಪ್ರತಿಯೊಬ್ಬರೂ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಕಂತೆಯನ್ನು ಕಟ್ಟಿರುವ ಹಗ್ಗ ಯಾವುದು? ಯುರೋಪಿನಲ್ಲಿ ಇದಕ್ಕೆ ಉತ್ತರ ಹುಡುಕಹೋಗಿ ಒಬ್ಬ ಮಹಾ ಬುದ್ಧಿವಂತ ಕೈಚೆಲ್ಲಿದ. ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಗಾಂಧಾರದ ಒಬ್ಬ ಬೌದ್ಧ ಪಂಡಿತ ಅದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ದಾಟಿದ್ದ.

ಒಳಗೆ ಇಣುಕಿದ ಹ್ಯೂಮ್

1711ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಡೇವಿಡ್ ಹ್ಯೂಮ್ 1735ರಲ್ಲಿ ಫ್ರಾನ್ಸಿನ ಲಾ ಫ್ಲೆಶ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿದ. ಖರ್ಚು ಕಡಿಮೆ, ಓದಲು ಜೆಸ್ವಿಟ್ ಪಾದ್ರಿಗಳ ಒಳ್ಳೆಯ ಗ್ರಂಥಾಲಯ. ಅಲ್ಲಿ ಸುಮಾರು ಎರಡು ವರ್ಷ ಕೂತು ‘ಎ ಟ್ರೀಟಿಸ್ ಆಫ್ ಹ್ಯೂಮನ್ ನೇಚರ್’ ಪುಸ್ತಕದ ಬಹುಭಾಗ ಬರೆದ. 1739ರ ಆರಂಭದಲ್ಲಿ ಅದರ ಮೊದಲ ಎರಡು ಭಾಗಗಳು ಲಂಡನ್ನಿನಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾದವು.

ಹ್ಯೂಮ್‌ನ ವಿಧಾನ ಸರಳ. ತಲೆಯಲ್ಲಿರುವ ಯಾವುದೇ ಕಲ್ಪನೆ ಎಲ್ಲೋ ಒಂದು ನೇರ ಅನುಭವದಿಂದ ಬಂದಿರಬೇಕು. ‘ಕೆಂಪು’ ಎಂಬ ಕಲ್ಪನೆಗೆ ಕೆಂಪು ಕಂಡ ಅನುಭವ ಬೇಕು. ಹಾಗಿದ್ದರೆ ‘ನಾನು’ ಎಂಬ ಕಲ್ಪನೆಯ ಹಿಂದೆ ಯಾವ ಅನುಭವವಿದೆ? ಆ ‘ನಾನು’ ಹುಟ್ಟಿನಿಂದ ಸಾವಿನವರೆಗೆ ಒಂದೇ ಎನ್ನುತ್ತೇವಾದ್ದರಿಂದ, ಆ ಅನುಭವವೂ ಬದಲಾಗದೆ ಜೀವನವಿಡೀ ಇರಬೇಕು. ಹ್ಯೂಮ್ ತನ್ನೊಳಗೆ ನೋಡಿಕೊಂಡ. ಸಿಕ್ಕಿದ್ದು ಬಿಸಿ, ಚಳಿ, ಬೆಳಕು, ನೆರಳು, ಪ್ರೀತಿ, ದ್ವೇಷ, ನೋವು, ಸುಖ. ಪ್ರತಿಸಲವೂ ಇಂಥ ಯಾವುದೋ ಒಂದು ಅನುಭವವೇ ಕೈಗೆ ಬಂತು. ಅದನ್ನು ಅನುಭವಿಸುತ್ತಿರುವವನು ಬೇರೆಯಾಗಿ ಒಮ್ಮೆಯೂ ಸಿಗಲಿಲ್ಲ. ಹೀಗಾಗಿ ಮನಸ್ಸೆಂದರೆ ಅತಿ ವೇಗವಾಗಿ ಒಂದರ ಹಿಂದೊಂದು ಬಂದು ಹೋಗುವ ಅನುಭವಗಳ ಕಂತೆ ಎಂದ. ಮನಸ್ಸನ್ನು ರಂಗಮಂದಿರಕ್ಕೆ ಹೋಲಿಸಿ, ಕೂಡಲೇ ಎಚ್ಚರಿಕೆಯನ್ನೂ ಕೊಟ್ಟ: ಇಲ್ಲಿ ಪಾತ್ರಗಳು ಬಂದುಹೋಗುವುದಷ್ಟೇ ಇದೆ, ಅವು ಬಂದುಹೋಗಲು ಒಂದು ರಂಗಮಂದಿರ ಇದೆಯೆಂದು ತಿಳಿಯಬೇಡಿ.

ಹಾಗಾದರೆ ಎಲ್ಲರಿಗೂ ‘ನಾನೊಬ್ಬನೇ’ ಎನಿಸುವುದೇಕೆ? ಹ್ಯೂಮ್ ಇದಕ್ಕೆ ಎರಡು ಕಾರಣ ಕೊಟ್ಟ. ಒಂದು, ಹೋಲಿಕೆ. ಮರದಿಂದ ಬಿದ್ದ ಅನುಭವಕ್ಕೂ ಅದರ ನೆನಪಿಗೂ ಹೋಲಿಕೆ ಇದೆ. ನೆನಪುಗಳು ಸಾಲಿನುದ್ದಕ್ಕೂ ಇಂಥ ಪಡಿಯಚ್ಚುಗಳನ್ನು ಇಡುತ್ತ ಹೋಗುತ್ತವೆ. ಕಲ್ಪನಾಶಕ್ತಿ ಒಂದರಿಂದ ಇನ್ನೊಂದಕ್ಕೆ ಎಲ್ಲೂ ತಡೆಯಿಲ್ಲದೆ ಜಾರುತ್ತದೆ, ಆ ಸಲೀಸನ್ನೇ ನಾವು ಒಂದೇ ವಸ್ತು ಎಂದು ತಿಳಿಯುತ್ತೇವೆ. ಎರಡನೆಯದು ಕಾರ್ಯಕಾರಣ. ಅನುಭವ ಯೋಚನೆಯನ್ನು ಹುಟ್ಟಿಸುತ್ತದೆ, ಯೋಚನೆ ಆಸೆಯನ್ನು, ಆಸೆ ಇನ್ನೊಂದು ಅನುಭವವನ್ನು. ನೆನಪು ತಲುಪದ ದಿನಗಳನ್ನೂ ನಮ್ಮವೇ ಎನ್ನಲು ಈ ಸರಪಳಿಯೇ ಆಧಾರ. 1715ರ ಜನವರಿ 1, 1719ರ ಮಾರ್ಚ್ 11, 1733ರ ಆಗಸ್ಟ್ 3, ಈ ದಿನಗಳಂದು ನೀವು ಏನು ಯೋಚಿಸಿದಿರಿ, ಏನು ಮಾಡಿದಿರಿ ಎಂದು ಯಾರಿಗೆ ನೆನಪಿದೆ ಎಂದು ಹ್ಯೂಮ್ ತನ್ನ ಓದುಗರನ್ನು ಕೇಳುತ್ತಾನೆ. ನೆನಪಿಲ್ಲದಿದ್ದರೂ ಆ ದಿನ ಇದ್ದವನು ನಾನಲ್ಲ ಎಂದು ಯಾರೂ ಹೇಳುವುದಿಲ್ಲ.

1740ರ ಅನುಬಂಧ

ಮುಂದಿನ ವರ್ಷ, 1740ರಲ್ಲಿ, ಪುಸ್ತಕದ ಮೂರನೆಯ ಭಾಗ ಹೊರಬಂತು. ಅದರ ಕೊನೆಗೆ ಒಂದು ಅನುಬಂಧ. ಅಲ್ಲಿ ಹ್ಯೂಮ್, ‘ನಾನು’ ಕುರಿತ ತನ್ನ ವಿಭಾಗವನ್ನು ಮತ್ತೆ ಓದಿದಾಗ ದಾರಿ ತಿಳಿಯದ ಗೊಂದಲದಲ್ಲಿ ಸಿಕ್ಕಿಕೊಂಡೆ ಎಂದು ಒಪ್ಪಿಕೊಳ್ಳುತ್ತಾನೆ. ತತ್ತ್ವಶಾಸ್ತ್ರದ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕ ಪುಟಗಳು ಕಡಿಮೆ.

ಅವನ ತೊಡಕು ಇದು. ಎರಡು ಮಾತುಗಳನ್ನು ಅವನು ಬಿಡಲಾರ. ಪ್ರತಿಯೊಂದು ಅನುಭವವೂ ತನ್ನಷ್ಟಕ್ಕೆ ಬೇರೆ ಇರುವಿಕೆ ಎಂಬುದು ಮೊದಲನೆಯದು. ಬೇರೆಬೇರೆ ಇರುವಿಕೆಗಳ ನಡುವೆ ಮನಸ್ಸು ನಿಜವಾದ ಯಾವ ಬೆಸುಗೆಯನ್ನೂ ಕಾಣುವುದಿಲ್ಲ ಎಂಬುದು ಎರಡನೆಯದು. ಅನುಭವಗಳೆಲ್ಲ ಒಂದು ಗಟ್ಟಿ ವಸ್ತುವಿಗೆ ಅಂಟಿಕೊಂಡಿದ್ದರೆ ತೊಂದರೆ ಇರುತ್ತಿರಲಿಲ್ಲ. ಅಥವಾ ಅವುಗಳ ನಡುವಿನ ಬೆಸುಗೆಯನ್ನು ನಾವು ಕಂಡಿದ್ದರೂ ಸಾಕಿತ್ತು. ಎರಡೂ ಇಲ್ಲ. ಹಾಗಿರುವಾಗ ಇವು ಒಂದೇ ಕಂತೆ ಆದದ್ದು ಹೇಗೆ?

ಅವನನ್ನು ಕಾಡಿದ್ದು ನಿಖರವಾಗಿ ಏನು ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ನಾನು ಅದನ್ನು ಹೀಗೆ ಓದಿಕೊಂಡಿದ್ದೇನೆ. ಕಲ್ಪನಾಶಕ್ತಿ ಒಂದರಿಂದ ಇನ್ನೊಂದಕ್ಕೆ ಜಾರುವುದರಿಂದ ‘ನಾನು’ ಹುಟ್ಟುತ್ತದೆ ಎಂದಾಗ, ಅದು ನಿಮ್ಮ ಅನುಭವಗಳ ನಡುವೆ ಮಾತ್ರ ಜಾರುತ್ತದೆ, ಪಕ್ಕದವರ ಅನುಭವಗಳಿಗೆ ಜಾರುವುದಿಲ್ಲ ಎಂದು ಮೊದಲೇ ಒಪ್ಪಿದಂತಾಯಿತು. ಅಂದರೆ ಕಂತೆ ಆಗಲೇ ಬೇರೆಯಾಗಿ ಕಟ್ಟಿಬಿಟ್ಟಿದೆ. ಕಂತೆ ಹೇಗಾಯಿತು ಎಂದು ವಿವರಿಸಲು ಹೊರಟು, ಆದ ಕಂತೆಯನ್ನೇ ಬಳಸಿಕೊಂಡಂತಾಯಿತು. ಹ್ಯೂಮ್ ಇದಕ್ಕೆ ಪರಿಹಾರ ಹೇಳಲಿಲ್ಲ. ಸಂದೇಹವಾದಿಯ ಹಕ್ಕು ಬಳಸಿ, ಈ ಕಷ್ಟ ನನ್ನ ಶಕ್ತಿಗೆ ಮೀರಿದ್ದು ಎಂದು ಬಿಟ್ಟುಕೊಟ್ಟ. 1748ರಲ್ಲಿ ಅದೇ ವಿಚಾರಗಳನ್ನು ಸರಳಗೊಳಿಸಿ ಹೊಸ ಪುಸ್ತಕ ಬರೆದಾಗ ಈ ಪ್ರಶ್ನೆಯನ್ನೇ ಕೈಬಿಟ್ಟ.

ದೇವದತ್ತನ ನೆನಪು ಯಜ್ಞದತ್ತನಿಗೇಕಿಲ್ಲ

ಈಗ ಗಾಂಧಾರಕ್ಕೆ ಬರೋಣ. ವಸುಬಂಧು ಕ್ರಿಸ್ತಶಕ 4 ಅಥವಾ 5ನೆಯ ಶತಮಾನದವನು. ಪುರುಷಪುರ, ಅಂದರೆ ಇಂದಿನ ಪೇಶಾವರ, ಅವನ ಹುಟ್ಟೂರು ಎನ್ನುತ್ತದೆ ಪರಂಪರೆ. ಅವನ ‘ಅಭಿಧರ್ಮಕೋಶ’ದ ಭಾಷ್ಯದ ಕೊನೆಗೆ ಒಂಬತ್ತನೆಯ ಭಾಗವಾಗಿ ಒಂದು ವಾದವಿದೆ. ಅದರ ಗುರಿ ಆತ್ಮವನ್ನು ನಂಬುವವರು ಮಾತ್ರವಲ್ಲ, ಬೌದ್ಧರಲ್ಲೇ ಇದ್ದ ವಾತ್ಸೀಪುತ್ರೀಯರು ಕೂಡ. ದೇಹ ಮನಸ್ಸುಗಳ ಜೊತೆಗೆ, ಅವುಗಳೇ ಅಲ್ಲದ ಅವುಗಳಿಂದ ಬೇರೆಯೂ ಅಲ್ಲದ ‘ಪುದ್ಗಲ’ ಎಂಬ ವ್ಯಕ್ತಿಯೊಂದು ಇದೆ ಎನ್ನುತ್ತಿದ್ದರು ಇವರು. ಅನಾತ್ಮವಾದವನ್ನು ಒಪ್ಪಿದವರಿಗೂ ಕಂತೆಗೊಂದು ಹಗ್ಗ ಬೇಕೆನಿಸಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಬೌದ್ಧರ ಎಣಿಕೆಯಲ್ಲಿ ಮನುಷ್ಯ ಎಂದರೆ ಐದು ಸ್ಕಂಧಗಳು: ದೇಹ, ಹಿತ ಅಹಿತಗಳ ಅನಿಸಿಕೆ, ಇದು ಇಂಥದ್ದೆಂಬ ಗುರುತು, ಮನಸ್ಸಿನ ಒಲವು ಹಟ ಅಭ್ಯಾಸಗಳು, ಮತ್ತು ಅರಿವು. ಇವುಗಳಲ್ಲಿ ಯಾವುದೂ ಒಂದು ಕ್ಷಣಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂಬುದು ವಸುಬಂಧುವಿನ ನಿಲುವು. ಹ್ಯೂಮ್‌ನ ಅನುಭವಗಳಿಗಿಂತ ಇವು ಇನ್ನೂ ಅಲ್ಪಾಯುಗಳು. ಹಾಗಾದರೆ ನೆನಪು ಹೇಗೆ ಎಂದು ಎದುರಾಳಿ ಕೇಳುತ್ತಾನೆ. ಕಂಡದ್ದು ಒಂದು ಚಿತ್ತ, ನೆನೆಯುವುದು ಇನ್ನೊಂದು ಚಿತ್ತ ಎಂದಾದರೆ, ದೇವದತ್ತ ಕಂಡದ್ದನ್ನು ಯಜ್ಞದತ್ತ ನೆನೆಯಬಹುದಲ್ಲವೇ? ನಮ್ಮ ಸಂತೆಯ ಪ್ರಶ್ನೆಯೇ ಇದು.

ವಸುಬಂಧುವಿನ ಉತ್ತರ ಎರಡು ಹೆಜ್ಜೆಯದು. ಮೊದಲನೆಯದು, ನೆನಪಿಗೆ ಬೇಕಾದ ಸಾಮಗ್ರಿ. ಹಿಂದಿನ ಅನುಭವ ಮುಂದಿನ ಚಿತ್ತಗಳ ಸಾಲಿನಲ್ಲಿ ಒಂದು ಶಕ್ತಿಯನ್ನು ಬಿಟ್ಟು ಹೋಗಿರುತ್ತದೆ. ಗಮನ ಆ ಕಡೆ ತಿರುಗಬೇಕು. ಹಳೆಯ ವಸ್ತುವನ್ನು ಹೋಲುವ ಅಥವಾ ಅದಕ್ಕೆ ಸಂಬಂಧಪಟ್ಟ ಏನಾದರೂ ಎದುರಾಗಬೇಕು. ಸೀಬೆಯ ವಾಸನೆ ಮಾಡಿದ್ದು ಅದನ್ನೇ. ದೇಹಸ್ಥಿತಿ, ದುಃಖ, ಚಂಚಲತೆ ಇವು ಆ ಶಕ್ತಿಯನ್ನು ತಡೆಯಬಾರದು. ಇಷ್ಟೂ ಸೇರಿದರೆ ನೆನಪು ಹುಟ್ಟುತ್ತದೆ, ಒಂದು ತಪ್ಪಿದರೂ ಹುಟ್ಟುವುದಿಲ್ಲ. ಒಬ್ಬ ನೆನೆಯುವವನನ್ನು ಈ ಪಟ್ಟಿಗೆ ಸೇರಿಸಿದರೆ ಅವನು ಮಾಡುವ ಕೆಲಸ ಏನೂ ಉಳಿದಿಲ್ಲ.

ಎರಡನೆಯದು, ದೇವದತ್ತ ಮತ್ತು ಯಜ್ಞದತ್ತ. ಇವರಿಬ್ಬರ ಚಿತ್ತಗಳ ನಡುವೆ ಅಂಥ ಕಾರ್ಯಕಾರಣ ಸಂಬಂಧ ಇಲ್ಲ, ಆದ್ದರಿಂದ ಒಬ್ಬನ ನೆನಪು ಇನ್ನೊಬ್ಬನಿಗೆ ಹೋಗುವುದಿಲ್ಲ. ಕಂಡ ಚಿತ್ತವೇ ನೆನೆಯುತ್ತದೆ ಎಂದು ಅವನು ಹೇಳುವುದಿಲ್ಲ. ಕಂಡ ಚಿತ್ತದಿಂದ, ಸಾಲುಸಾಲಾಗಿ ಬದಲಾಗುತ್ತ, ನೆನೆಯುವ ಚಿತ್ತ ಹುಟ್ಟುತ್ತದೆ ಎನ್ನುತ್ತಾನೆ. ಈ ಸಾಲಿಗೆ ಅವನು ಕೊಟ್ಟ ಹೆಸರು ಸಂತತಿ.

ಇದೇ ಯಂತ್ರವನ್ನು ಅವನು ಕರ್ಮಫಲ ವಿವರಿಸಲೂ ಬಳಸುತ್ತಾನೆ, ಮತ್ತು ಅಲ್ಲಿ ಒಂದು ಚಂದದ ಉದಾಹರಣೆ ಬರುತ್ತದೆ. ಮಾದಲ ಗಿಡದ ಹೂವನ್ನು ಅರಗಿನ ಕೆಂಪು ರಸದಲ್ಲಿ ನೆನೆಸಿದರೆ, ಮುಂದೆ ಕಾಯಾದಾಗ ಒಳಗಿನ ಭಾಗ ಕೆಂಪಾಗಿರುತ್ತದಂತೆ. ಹೂವು ಉದುರಿ ಎಷ್ಟೋ ದಿನವಾಗಿದೆ. ಬಣ್ಣವನ್ನು ಹೊತ್ತುಕೊಂಡು ಹೂವಿನಿಂದ ಕಾಯಿಗೆ ನಡೆದುಬಂದ ಯಾವ ವಸ್ತುವೂ ಅಲ್ಲಿಲ್ಲ. ಪ್ರತಿ ಹಂತವೂ ಮುಂದಿನ ಹಂತವನ್ನು ತನ್ನ ಗುರುತಿನೊಡನೆ ಹುಟ್ಟಿಸಿತು. ಇಂದಿನ ತೋಟಗಾರರು ಈ ಪ್ರಯೋಗವನ್ನು ಒಪ್ಪುವುದಿಲ್ಲ. ಆದರೆ ವಾದದ ಆಕಾರ ಸ್ಪಷ್ಟವಾಗಿದೆ, ಮತ್ತು ಮಿದುಳಿನಲ್ಲಿ ನೆನಪು ಉಳಿಯುವ ಬಗ್ಗೆ ಇಂದು ನಾವು ಹೇಳುವುದೂ ಇದೇ ಆಕಾರದ್ದು. ನರಕೋಶಗಳು ಸೇರುವ ಜಾಗದಲ್ಲಿನ ಪ್ರೋಟೀನುಗಳು ಕೆಲವೇ ದಿನ ವಾರಗಳಲ್ಲಿ ಒಡೆದು ಹೊಸದಾಗುತ್ತಿರುತ್ತವೆ. ಮೂವತ್ತೈದು ವರ್ಷ ಹಿಂದಿನ ಸೀಬೆ ಮರದ ನೆನಪು ಒಂದೇ ಅಣುಗಳಲ್ಲಿ ಕೂತಿಲ್ಲ. ಜೋಡಣೆಯ ವಿನ್ಯಾಸ ತನ್ನನ್ನು ತಾನೇ ಮತ್ತೆ ಮತ್ತೆ ಕಟ್ಟಿಕೊಂಡು ಬಂದಿದೆ.

ಎದುರಾಳಿ ಬಿಡುವುದಿಲ್ಲ. ನೆನಪು ಎಂದರೆ ಯಾರದೋ ನೆನಪಾಗಿರಬೇಕಲ್ಲ, ಯಾರದು? ವಸುಬಂಧು ಕೇಳುತ್ತಾನೆ: ಚೈತ್ರನ ಹಸು ಎನ್ನುತ್ತೀರಿ, ಚೈತ್ರ ಅದರ ಒಡೆಯನಾದದ್ದು ಹೇಗೆ? ಹಸುವನ್ನು ಹೂಡುವುದು, ಕರೆಯುವುದು ಅವನ ಕೈಯಲ್ಲಿದೆ, ಅವನು ಅದಕ್ಕೆಲ್ಲ ಕಾರಣ, ಅದಕ್ಕಾಗಿ. ಒಡೆತನ ಎಂದರೆ ಕಾರಣವಾಗಿರುವುದು. ನೆನಪಿಗೂ ಒಡೆಯ ಬೇಕೆಂದರೆ ಅದರ ಕಾರಣವೇ ಒಡೆಯ, ಅಂದರೆ ಹಿಂದಿನ ಚಿತ್ತ. ನನಗೆ ಇಡೀ ಗ್ರಂಥದಲ್ಲಿ ಇದು ಅತ್ಯಂತ ದಿಟ್ಟ ಹೆಜ್ಜೆಯಾಗಿ ಕಾಣುತ್ತದೆ. ‘ನನ್ನ’ ಎಂಬ ಮಾತನ್ನು ಅವನು ಅಳಿಸಿಹಾಕಲಿಲ್ಲ; ಅದು ಏನನ್ನು ತೋರಿಸುತ್ತದೆ ಎಂದು ಬಿಡಿಸಿ ಹೇಳಿದ.

ಹಗ್ಗ ಬೇಡ ಎಂದವರು

ಹ್ಯೂಮ್ ಮತ್ತು ವಸುಬಂಧು ಇಬ್ಬರ ಕೈಯಲ್ಲಿಯೂ ಇದ್ದದ್ದು ಬಿಡಿ ಅನುಭವಗಳು, ಹೋಲಿಕೆ ಮತ್ತು ಕಾರ್ಯಕಾರಣ. ಒಬ್ಬ ಸಿಕ್ಕಿಕೊಂಡ, ಇನ್ನೊಬ್ಬ ದಾಟಿದ. ವ್ಯತ್ಯಾಸ ಬಂದದ್ದು ಅವರು ಕಾರಣವನ್ನು ಇಟ್ಟ ಜಾಗದಿಂದ. ಹ್ಯೂಮ್‌ಗೆ ಕಾರ್ಯಕಾರಣವೆಂದರೆ ನೋಡುವ ಮನಸ್ಸು ಎರಡು ಸಂಗತಿಗಳನ್ನು ಜೋಡಿಸಿಕೊಳ್ಳುವ ರೂಢಿಯಷ್ಟೇ. ಆ ಮನಸ್ಸಿನ ಬಗ್ಗೆಯೇ ಕೇಳಿದಾಗ ಜೋಡಿಸುವವರು ಯಾರೂ ಉಳಿಯಲಿಲ್ಲ. ಬೌದ್ಧರಿಗೆ ‘ಇದಿದ್ದರೆ ಅದು’ ಎಂಬ ನಿಯಮ ಯಾರೂ ನೋಡದಿದ್ದರೂ ನಡೆಯುತ್ತದೆ. ಬೆಸುಗೆ ಕಾಣಬೇಕೆಂಬ ಹಟ ಅವರಿಗಿಲ್ಲ. ಮೊದಲಿನದು ಇದ್ದುದರಿಂದ ನಂತರದ್ದು ಹುಟ್ಟಿತು ಎಂಬುದೇ ಸಾಕು, ನಡುವೆ ಹಗ್ಗ ಬೇಡ.

ಇದರಿಂದ ಎಲ್ಲ ಬಗೆಹರಿಯಿತು ಎಂದರೆ ಓದುಗರಿಗೆ ಅನ್ಯಾಯ. ಕಾರಣಗಳು ಒಂದು ಸಂತತಿಯೊಳಗೇ ನಿಲ್ಲುವುದಿಲ್ಲ. ನೀವು ಈ ಸಾಲು ಓದುತ್ತಿದ್ದಂತೆ ನನ್ನ ಯೋಚನೆ ನಿಮ್ಮ ಯೋಚನೆಗೆ ಕಾರಣವಾಗುತ್ತಿದೆ, ಆದರೂ ನಾವಿಬ್ಬರೂ ಒಂದು ಸಂತತಿಯಲ್ಲ. ಹಾಗಾಗಿ ಯಾವ ಬಗೆಯ ಕಾರಣ ಎಂದು ಹೇಳಲೇಬೇಕು. ಬೌದ್ಧರು ಅದಕ್ಕೂ ಉತ್ತರ ಕೊಡುತ್ತಾರೆ: ಒಂದು ಚಿತ್ತ ಅಡಗುತ್ತಿದ್ದಂತೆ ನಡುವೆ ಬೇರಾವುದೂ ಬಾರದೆ ಮುಂದಿನ ಚಿತ್ತಕ್ಕೆ ಎಡೆಮಾಡಿಕೊಡುವ ಒಳಗಿನ ಕಾರಣವೇ ಬೇರೆ, ಮಾತು ಬರಹಗಳ ಮೂಲಕ ಹೊರಗಿನಿಂದ ಬರುವ ಕಾರಣವೇ ಬೇರೆ. ಆದರೆ ಆ ಒಳಗಿನ ದಾರಿ ಎಲ್ಲಿದೆ, ಅದನ್ನು ಕತ್ತರಿಸಿದರೆ ಏನಾಗುತ್ತದೆ ಎಂದು ನೋಡಲು ಅವರಿಗೆ ಸಾಧನವಿರಲಿಲ್ಲ. 20ನೆಯ ಶತಮಾನದಲ್ಲಿ ಅದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಸಿಕ್ಕಿತು.

ಕತ್ತರಿಸಿದ ಸೇತುವೆ

ನಮ್ಮ ಮಿದುಳಿನ ಎಡ ಬಲ ಅರ್ಧಗಳನ್ನು ಸುಮಾರು 20 ಕೋಟಿ ನರತಂತುಗಳ ಒಂದು ದಪ್ಪ ಪಟ್ಟಿ ಜೋಡಿಸುತ್ತದೆ. ಅಪಸ್ಮಾರ ತೀರ ಉಲ್ಬಣಿಸಿ ಯಾವ ಔಷಧಿಗೂ ಬಗ್ಗದಿದ್ದಾಗ, ಸೆಳೆತ ಒಂದು ಅರ್ಧದಿಂದ ಇನ್ನೊಂದಕ್ಕೆ ಹರಡದಿರಲೆಂದು ವೈದ್ಯರು ಈ ಪಟ್ಟಿಯನ್ನು ಕತ್ತರಿಸಿದ್ದುಂಟು. ಅಂಥ ರೋಗಿಗಳನ್ನು 1960ರ ದಶಕದಿಂದ ಕ್ಯಾಲಿಫೋರ್ನಿಯಾದಲ್ಲಿ ರೋಜರ್ ಸ್ಪೆರಿ ಮತ್ತು ಅವರ ವಿದ್ಯಾರ್ಥಿ ಮೈಕೆಲ್ ಗಜ್ಜಾನಿಗ ಅಭ್ಯಾಸ ಮಾಡಿದರು. ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ಬಂತು.

ಗಜ್ಜಾನಿಗ ಮತ್ತು ಜೋಸೆಫ್ ಲೆಡೂ 1970ರ ದಶಕದಲ್ಲಿ ಒಬ್ಬ ಹದಿಹರೆಯದ ರೋಗಿಯೊಂದಿಗೆ ಮಾಡಿದ ಪ್ರಯೋಗವನ್ನು ನೋಡೋಣ. ದೃಷ್ಟಿಯ ಬಲಭಾಗದಲ್ಲಿ ಕಂಡದ್ದು ಮಿದುಳಿನ ಎಡ ಅರ್ಧಕ್ಕೆ ಹೋಗುತ್ತದೆ, ಎಡಭಾಗದಲ್ಲಿ ಕಂಡದ್ದು ಬಲ ಅರ್ಧಕ್ಕೆ. ಮಾತಾಡುವ ಸಾಮರ್ಥ್ಯ ಹೆಚ್ಚಾಗಿ ಎಡ ಅರ್ಧದ್ದು. ಎಡ ಅರ್ಧಕ್ಕೆ ಕೋಳಿಯ ಪಾದದ ಚಿತ್ರ, ಬಲ ಅರ್ಧಕ್ಕೆ ಹಿಮ ತುಂಬಿದ ಮನೆಯಂಗಳದ ಚಿತ್ರ, ಎರಡನ್ನೂ ಒಮ್ಮೆಗೇ ಮಿಂಚಿನಂತೆ ತೋರಿಸಿದರು. ಆಮೇಲೆ ಮುಂದಿಟ್ಟ ಕಾರ್ಡುಗಳಲ್ಲಿ ಹೊಂದುವುದನ್ನು ಆರಿಸಲು ಹೇಳಿದರು. ಬಲಗೈ ಕೋಳಿಯ ಚಿತ್ರವನ್ನು ಆರಿಸಿತು, ಎಡಗೈ ಸಲಿಕೆಯನ್ನು. ಎರಡೂ ಸರಿ. ಹುಡುಗನನ್ನು ಏಕೆ ಎಂದು ಕೇಳಿದರು. ಮಾತಾಡುವ ಎಡ ಅರ್ಧಕ್ಕೆ ಹಿಮದ ಸುದ್ದಿಯೇ ಗೊತ್ತಿಲ್ಲ. ಆದರೂ ಅವನು ತಡವರಿಸದೆ ಹೇಳಿದ: ಕೋಳಿಯ ಪಾದಕ್ಕೆ ಕೋಳಿ ಹೊಂದುತ್ತದೆ, ಕೋಳಿಗೂಡು ಚೊಕ್ಕ ಮಾಡಲು ಸಲಿಕೆ ಬೇಕು.

ಇಲ್ಲಿ ಎರಡು ಸಂಗತಿಗಳಿವೆ. ಒಂದು, ಹಿಮದ ಅನುಭವ ಅದೇ ತಲೆಬುರುಡೆಯೊಳಗಿದ್ದರೂ ಮಾತಾಡುವ ಅರ್ಧಕ್ಕೆ ನೆನಪಾಗಲಿಲ್ಲ, ಏಕೆಂದರೆ ದಾರಿ ಕಡಿದಿತ್ತು. ದೇವದತ್ತ ಕಂಡದ್ದು ಯಜ್ಞದತ್ತನಿಗೆ ತಿಳಿಯದೆ ಹೋಗುವ ಕಾರಣ ಒಂದೇ ದೇಹದಲ್ಲಿ ಕಣ್ಣಿಗೆ ಕಾಣುವಂತಾಯಿತು. ಆತ್ಮವೊಂದು ಒಳಗೆ ಕೂತು ಎರಡೂ ಅರ್ಧಗಳನ್ನು ನೋಡುತ್ತಿದ್ದರೆ ಹೀಗಾಗಬಾರದಿತ್ತು. ಎರಡು, ‘ನಾನು ಆರಿಸಿದೆ, ಇಂಥ ಕಾರಣಕ್ಕೆ’ ಎಂಬ ಕಥೆ ತಾನೇತಾನಾಗಿ ಹೊರಬಂತು, ಹೇಳಿದವನಿಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಹ್ಯೂಮ್ ಹೇಳಿದ ‘ತಡೆಯಿಲ್ಲದೆ ಜಾರುವ’ ಕಲ್ಪನಾಶಕ್ತಿಯನ್ನು ಕೆಲಸ ಮಾಡುತ್ತಿರುವಾಗಲೇ ಹಿಡಿದಂತಿದೆ ಇದು.

ಆದರೆ ಇದನ್ನೂ ಹಿಗ್ಗಿಸಬಾರದು. 2017ರಲ್ಲಿ ಯಾಯಿರ್ ಪಿಂಟೊ ಮತ್ತು ಸಂಗಡಿಗರು ಇಂಥ ಇಬ್ಬರು ರೋಗಿಗಳನ್ನು ಪರೀಕ್ಷಿಸಿದಾಗ, ವಸ್ತು ದೃಷ್ಟಿಯ ಯಾವ ಭಾಗದಲ್ಲಿ ಬಂದರೂ ಅದು ಬಂತೆಂದು ಎರಡೂ ಕೈಗಳಿಂದ ತೋರಿಸಬಲ್ಲರು, ಬಾಯಿಂದಲೂ ಹೇಳಬಲ್ಲರು ಎಂದು ಕಂಡುಬಂತು. ಆದರೆ ಎಡದ ಚಿತ್ರವನ್ನು ಬಲದ ಚಿತ್ರದೊಡನೆ ಹೋಲಿಸಲು ಅವರಿಂದಾಗಲಿಲ್ಲ. ಒಂದು ಸಂತತಿ ಎರಡಾಯಿತು ಎಂದು ಚೊಕ್ಕಟವಾಗಿ ಗೆರೆ ಎಳೆಯಲಾಗದು. ಕೆಲವು ದಾರಿ ಕಡಿದಿವೆ, ಕೆಲವು ಉಳಿದಿವೆ, ‘ಒಬ್ಬನೇ’ ಎಂಬುದು ಅಷ್ಟರಮಟ್ಟಿಗೆ ಉಂಟು. ಇಲ್ಲವೇ ಪೂರ್ತಿ, ಇಲ್ಲವೇ ಸೊನ್ನೆ ಎಂಬ ಆತ್ಮಕ್ಕಿಂತ ಈ ಹೆಚ್ಚು ಕಡಿಮೆಗೆ ಸಂತತಿಯ ವಿವರಣೆಯೇ ಹೊಂದುತ್ತದೆ.

ಒಂದು ಕಡೆ ಮಾತ್ರ ಈ ಪ್ರಯೋಗಗಳು ಬೌದ್ಧರ ಜೊತೆ ನಿಲ್ಲುವುದಿಲ್ಲ. ವಸುಬಂಧುವಿನ ಸಂತತಿ ಸಾವನ್ನೂ ದಾಟಿ ಇನ್ನೊಂದು ಜನ್ಮಕ್ಕೆ ಹರಿಯುತ್ತದೆ. ದಾರಿ ನರತಂತುಗಳಲ್ಲಿದ್ದರೆ ಅವು ಕೊಳೆತ ಮೇಲೆ ಹರಿಯಲು ದಾರಿಯಿಲ್ಲ. ಅನುಭವಗಳು ಸಾವಿನೊಂದಿಗೇ ಮುಗಿಯುತ್ತವೆ ಎಂದವನು ಹ್ಯೂಮ್; ಇಲ್ಲಿ ನಾನು ಅವನ ಪಕ್ಷ.

ಖೇಮಕನ ಕಾಯಿಲೆ

ಇಷ್ಟು ಓದಿ ಒಪ್ಪಿಕೊಂಡಿರೆಂದೇ ಇಟ್ಟುಕೊಳ್ಳೋಣ. ಪುಸ್ತಕ ಮುಚ್ಚಿದ ಕೂಡಲೇ ಯಾರಾದರೂ ನಿಮ್ಮನ್ನು ಹೀಗಳೆದರೆ ಸಿಟ್ಟು ಬಂದೇ ಬರುತ್ತದೆ, ಮೊದಲಿನ ‘ನಾನು’ ಅಲ್ಲೇ ಇರುತ್ತದೆ. ಹ್ಯೂಮ್‌ಗೂ ಇದು ಗೊತ್ತಿತ್ತು. ಸ್ನೇಹಿತರ ಜೊತೆ ಊಟ ಮಾಡಿ, ಪಗಡೆಯಂಥ ಬ್ಯಾಕ್‌ಗ್ಯಾಮನ್ ಆಟವಾಡಿ ಬಂದರೆ ತನ್ನ ಸಂಶಯಗಳೆಲ್ಲ ತಣ್ಣಗೆ ಹಾಸ್ಯಾಸ್ಪದವಾಗಿ ಕಾಣುತ್ತವೆ ಎಂದು ಬರೆದಿದ್ದಾನೆ. ಪ್ರಕೃತಿ ನಮ್ಮನ್ನು ಹೀಗೆ ಮಾಡಿದೆ, ಅದನ್ನು ತರ್ಕ ಗೆಲ್ಲಲಾರದು, ಗೆಲ್ಲಬೇಕಾಗಿಯೂ ಇಲ್ಲ ಎಂಬುದು ಅವನ ನಿಲುವು.

ಬುದ್ಧನ ದಾರಿ ಅಗಲುವುದು ಇಲ್ಲಿ. ಸಾರನಾಥದಲ್ಲಿ ಐವರು ಭಿಕ್ಷುಗಳಿಗೆ ಅನಾತ್ಮದ ಬಗ್ಗೆ ಹೇಳಿದಾಗ ಅವನು ಒಡ್ಡಿದ ಪರೀಕ್ಷೆಯೇ ಬೇರೆ. ಒಳಗೆ ಹುಡುಕಿದರೆ ‘ನಾನು’ ಸಿಗುತ್ತದೆಯೇ ಎಂದು ಅವನು ಕೇಳಲಿಲ್ಲ. ಈ ದೇಹ ನಿಮ್ಮದೇ ಆಗಿದ್ದರೆ ‘ಹೀಗಿರು, ಹಾಗಿರಬೇಡ’ ಎಂದು ಅದಕ್ಕೆ ಅಪ್ಪಣೆ ಮಾಡಬಲ್ಲಿರಾ ಎಂದು ಕೇಳಿದ. ಅನಿಸಿಕೆಗೂ ಅದೇ ಪ್ರಶ್ನೆ, ಅರಿವಿಗೂ ಅದೇ. ಅಪ್ಪಣೆ ನಡೆಯದ, ಬದಲಾಗುವ, ನೋವು ಕೊಡುವ ಒಂದನ್ನು ನನ್ನದು ಎಂದು ಅಪ್ಪಿಕೊಳ್ಳುವುದು ತಕ್ಕದ್ದೇ? ಹ್ಯೂಮ್ ಒಂದು ನಂಬಿಕೆಯ ಮೂಲವನ್ನು ಹುಡುಕುತ್ತಿದ್ದ. ಬುದ್ಧ ಅಪ್ಪಿಕೊಳ್ಳುವ ಕೈಯನ್ನು ಹುಡುಕುತ್ತಿದ್ದ.

ಈ ಎರಡರ ಅಂತರವನ್ನು ಸಂಯುತ್ತ ನಿಕಾಯದ ಒಂದು ಪ್ರಸಂಗ ಬಹಳ ಹತ್ತಿರದಿಂದ ತೋರಿಸುತ್ತದೆ. ಕೋಸಂಬಿಯ ಬಳಿ ಖೇಮಕ ಎಂಬ ಭಿಕ್ಷು ಕಾಯಿಲೆ ಬಿದ್ದಿದ್ದ. ಹಿರಿಯ ಭಿಕ್ಷುಗಳು ದಾಸಕ ಎಂಬವನ ಕೈಲಿ ಹೇಳಿಕಳಿಸಿ ಕೇಳುತ್ತಾರೆ: ಐದು ಸ್ಕಂಧಗಳಲ್ಲಿ ಯಾವುದನ್ನಾದರೂ ನಾನು, ನನ್ನದು ಎಂದು ಕಾಣುತ್ತೀರಾ? ಇಲ್ಲ ಎನ್ನುತ್ತಾನೆ ಖೇಮಕ. ಹಾಗಾದರೆ ನೀವು ಪೂರ್ಣ ಮುಕ್ತರು ಎಂದು ಹೇಳಿಕಳಿಸುತ್ತಾರೆ. ಅದೂ ಇಲ್ಲ ಎಂದು ಉತ್ತರ ಬರುತ್ತದೆ. ದಾಸಕ ಅತ್ತಿಂದಿತ್ತ ಇತ್ತಿಂದತ್ತ ಓಡಾಡಿದ ಮೇಲೆ ಖೇಮಕನೇ ಕೋಲೂರಿಕೊಂಡು ಹಿರಿಯರ ಬಳಿ ಬರುತ್ತಾನೆ. ದೇಹವನ್ನು ನಾನು ಎನ್ನುವುದಿಲ್ಲ, ಅರಿವನ್ನೂ ನಾನು ಎನ್ನುವುದಿಲ್ಲ, ಆದರೂ ‘ನಾನಿದ್ದೇನೆ’ ಎಂಬುದು ಇನ್ನೂ ಹೋಗಿಲ್ಲ ಎಂದು ವಿವರಿಸುತ್ತಾನೆ. ತಾವರೆಯ ಕಂಪು ಎಸಳಿನದು ಎನ್ನಲಾಗದು, ಕೇಸರದ್ದು ಎನ್ನಲಾಗದು, ಆದರೂ ಕಂಪಿದೆ. ಒಗೆದ ಬಟ್ಟೆಯಲ್ಲಿ ಕೊಳೆ ಹೋದ ಮೇಲೂ ಒಗೆಯಲು ಬಳಸಿದ ಸೌಳು ಸಗಣಿಯ ವಾಸನೆ ಉಳಿದಿರುತ್ತದೆ. ಸುಗಂಧದ ಪೆಟ್ಟಿಗೆಯಲ್ಲಿಟ್ಟರೆ ಕಾಲಕ್ರಮದಲ್ಲಿ ಅದೂ ಹೋಗುತ್ತದೆ.

ಬೌದ್ಧರು ಇಲ್ಲಿ ‘ನಾನು’ ಎಂಬುದರಲ್ಲಿ ಎರಡು ಪದರ ಗುರುತಿಸುತ್ತಾರೆ. ಮೇಲಿನದು ಅಭಿಪ್ರಾಯ, ವಾದದಿಂದ ಬೀಳುತ್ತದೆ. ಕೆಳಗಿನದು ಅಭ್ಯಾಸ, ಕ್ಷಣಕ್ಷಣವೂ ಏಳುವ ಬೇಕು ಬೇಡಗಳಿಂದ ಅದು ಮತ್ತೆ ಮತ್ತೆ ಹುಟ್ಟುತ್ತಿರುತ್ತದೆ, ಆ ಕಾರಣಗಳು ಸಡಿಲವಾದಷ್ಟೂ ಸಡಿಲವಾಗುತ್ತದೆ. ಹ್ಯೂಮ್ ಮೇಲಿನ ಪದರವನ್ನು ಯುರೋಪಿನಲ್ಲಿ ಬೇರಾರೂ ಬಿಡಿಸದಷ್ಟು ಚೆನ್ನಾಗಿ ಬಿಡಿಸಿದ. ಕೆಳಗಿನದನ್ನು ಪ್ರಕೃತಿ ಎಂದು ಕರೆದು ಅಲ್ಲಿಗೇ ಬಿಟ್ಟ.

ಸೇರಾದಿಂದ ಲಾ ಫ್ಲೆಶ್‌ಗೆ

ಹ್ಯೂಮ್‌ಗೆ ಬೌದ್ಧ ವಿಚಾರ ಕಿವಿಗೆ ಬಿದ್ದಿತ್ತೇ? 2009ರಲ್ಲಿ ಮನೋವಿಜ್ಞಾನಿ ಆಲಿಸನ್ ಗೋಪ್ನಿಕ್ ಒಂದು ಪ್ರಬಂಧದಲ್ಲಿ ಈ ಸಾಧ್ಯತೆಯನ್ನು ಮುಂದಿಟ್ಟರು. ಇಪ್ಪೊಲಿತೊ ದೆಸಿದೆರಿ ಎಂಬ ಜೆಸ್ವಿಟ್ ಪಾದ್ರಿ 1716ರಿಂದ 1721ರವರೆಗೆ ಟಿಬೆಟ್ಟಿನಲ್ಲಿದ್ದು, ಲಾಸಾದ ಸೇರಾ ಮಠದಲ್ಲಿ ಬೌದ್ಧ ಗ್ರಂಥಗಳನ್ನು ಓದಿದ್ದ. ಊರಿಗೆ ಮರಳುವಾಗ 1727ರಲ್ಲಿ ಲಾ ಫ್ಲೆಶ್‌ನ ಜೆಸ್ವಿಟ್ ಕಾಲೇಜಿಗೆ ಭೇಟಿಕೊಟ್ಟಿದ್ದ. 1687ರಲ್ಲಿ ಫ್ರೆಂಚ್ ನಿಯೋಗದೊಡನೆ ಸಯಾಮಿಗೆ ಹೋಗಿದ್ದ ದೋಲು ಎಂಬ ಇನ್ನೊಬ್ಬ ಪಾದ್ರಿ, ಹ್ಯೂಮ್ ಅಲ್ಲಿದ್ದ ಕಾಲದಲ್ಲಿ ಅದೇ ಕಾಲೇಜಿನಲ್ಲಿದ್ದ. ಹ್ಯೂಮ್ ಅಲ್ಲಿನ ಪಾದ್ರಿಗಳೊಡನೆ ಚರ್ಚಿಸುತ್ತಿದ್ದದ್ದೂ ನಿಜ. ಇಷ್ಟು ಗೊತ್ತು. ‘ನಾನು’ ಕುರಿತ ವಿಚಾರ ಅವರ ಬಾಯಿಂದ ಅವನಿಗೆ ಬಂತೆಂಬುದಕ್ಕೆ ಒಂದೂ ಪುರಾವೆಯಿಲ್ಲ.

ನನ್ನ ತೀರ್ಪು ಕೇಳಿದರೆ, ಅವನಿಗೆ ಏನಾದರೂ ತಲುಪಿದ್ದರೂ ಅರ್ಧವೇ ತಲುಪಿತ್ತು. ವಸುಬಂಧುವಿನ ಸಂತತಿ ವಾದ ಗೊತ್ತಿದ್ದವನು, ಒಪ್ಪದಿದ್ದರೂ, 1740ರಲ್ಲಿ ಉಳಿದಿರುವುದು ಎರಡೇ ದಾರಿ ಎಂದು ಬರೆಯುತ್ತಿರಲಿಲ್ಲ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ನಂತರ ದೆಸಿದೆರಿ ಓದಿದ ಆ ಸೇರಾ ಮಠ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಿಕೊಂಡಿತು. ‘ಅಭಿಧರ್ಮಕೋಶ’ ಅಲ್ಲಿನ ಭಿಕ್ಷುಗಳ ಪಠ್ಯ. ಅದರ ವಾದಗಳನ್ನು ಅವರು ಇಂದಿಗೂ ಅಂಗಳದಲ್ಲಿ ಎದುರುಬದುರಾಗಿ, ಪ್ರತಿ ಪ್ರಶ್ನೆಗೂ ಚಪ್ಪಾಳೆ ತಟ್ಟುತ್ತ, ಒಬ್ಬರನ್ನೊಬ್ಬರು ಪ್ರಶ್ನಿಸಿಯೇ ಕಲಿಯುತ್ತಾರೆ.